ಷೇರು ಬಿದ್ದ ವಾರವೇ ಚಿನ್ನವೂ ಏಕೆ ಬಿತ್ತು?

ಜಗತ್ತಿಗೆ ಭಯ ಹತ್ತಿದರೆ ಚಿನ್ನ ಏರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ 2020ರ ಮಾರ್ಚ್ 9ರಂದು ಔನ್ಸ್‌ಗೆ, ಅಂದರೆ 31.1 ಗ್ರಾಂಗೆ, 1,700 ಡಾಲರ್ ಮುಟ್ಟಿದ ಚಿನ್ನ ಕೊರೊನಾ ಭಯ ಹೆಚ್ಚುತ್ತಿದ್ದಾಗಲೇ ಒಂದು ವಾರದಲ್ಲಿ 1,450ರ ಹತ್ತಿರಕ್ಕೆ ಇಳಿಯಿತು.

ಕಾರಣ ಸಾಲ. ಒಂದು ಲೆಕ್ಕ ಹಾಕೋಣ. ಒಂದು ಫಂಡ್ ತನ್ನ 40 ಕೋಟಿಗೆ 60 ಕೋಟಿ ಸಾಲ ಸೇರಿಸಿ 100 ಕೋಟಿಯ ಷೇರು ಕೊಂಡಿದೆ. ಷೇರಿನ ಬೆಲೆಯಲ್ಲಿ ಕನಿಷ್ಠ 30% ಸ್ವಂತ ಹಣ ಇರಬೇಕೆಂಬುದು ಸಾಲ ಕೊಟ್ಟವರ ಷರತ್ತು. ಪೇಟೆ 25% ಕುಸಿದರೆ ಷೇರು 75 ಕೋಟಿಗೆ ಇಳಿಯುತ್ತದೆ, ಸ್ವಂತದ್ದು ಬರೀ 15 ಕೋಟಿ ಉಳಿಯುತ್ತದೆ. ಇರಬೇಕಾದದ್ದು 22.5 ಕೋಟಿ. ಕೂಡಲೇ ಮಾರ್ಜಿನ್ ಕಾಲ್, ಅಂದರೆ ಕೊರತೆ ತುಂಬಿಸಿ ಎಂದು ಸಾಲ ಕೊಟ್ಟವರ ಕರೆ, ಬರುತ್ತದೆ. ಷೇರು ಮಾರಿಯೇ ಇದನ್ನು ಸರಿಪಡಿಸಬೇಕೆಂದರೆ ಬಿದ್ದ ಬೆಲೆಗೆ 25 ಕೋಟಿಯಷ್ಟು ಮಾರಬೇಕು. ಬೇರೆಯಾಗಿಟ್ಟ ಚಿನ್ನವಿದ್ದರೆ 7.5 ಕೋಟಿಯದ್ದು ಮಾರಿದರೆ ಸಾಕು. ಅದಕ್ಕೆ ಕೊಳ್ಳುವವರೂ ತಕ್ಷಣ ಸಿಗುತ್ತಾರೆ. ನೂರಾರು ಫಂಡ್‌ಗಳು ಒಂದೇ ವಾರ ಹೀಗೆ ಮಾಡಿದರೆ ದರ ಬೀಳದೆ ಇನ್ನೇನು? ಚಿನ್ನದ ಮೇಲೆ ನಂಬಿಕೆ ಹೋಗಿ ಯಾರೂ ಮಾರಲಿಲ್ಲ. ಸುಲಭವಾಗಿ ಮಾರಲು ಆಗುತ್ತಿದ್ದದ್ದು ಅದು, ಅದಕ್ಕೇ ಮಾರಿದರು.

ತಿರುವು ಬಂದದ್ದು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನಿಂದ. ಮಾರ್ಚ್ 15ರಂದು ಬಡ್ಡಿಯನ್ನು ಹೆಚ್ಚುಕಡಿಮೆ ಸೊನ್ನೆಗೆ ಇಳಿಸಿತು. 23ರಂದು ಮಿತಿಯಿಲ್ಲದೆ ಬಾಂಡ್ ಕೊಳ್ಳುವುದಾಗಿ ಹೇಳಿತು. ಸಾಲ ತೀರಿಸಲು ಎಲ್ಲರೂ ಹುಡುಕುತ್ತಿದ್ದ ಡಾಲರಿನ ಬರ ನೀಗಿತು. ಚಿನ್ನ ಬಡ್ಡಿ ತರುವುದಿಲ್ಲ, ಅದನ್ನು ಇಟ್ಟುಕೊಂಡವರು ಬಾಂಡ್ ಬಡ್ಡಿಯನ್ನು ಬಿಟ್ಟುಕೊಟ್ಟಂತೆ. ಆ ಬಡ್ಡಿಯೇ ಇಲ್ಲವಾದಾಗ ಚಿನ್ನ ಇಡುವುದರಲ್ಲಿ ನಷ್ಟವೇನೂ ಉಳಿಯಲಿಲ್ಲ. ಆಗಸ್ಟ್‌ನಲ್ಲಿ ದರ 2,070 ದಾಟಿತು.

ಯುದ್ಧದ ಏರಿಕೆಯೂ ಬಡ್ಡಿಯ ಮುಂದೆ ನಿಲ್ಲುವುದಿಲ್ಲ. ರಷ್ಯಾ 2022ರ ಫೆಬ್ರವರಿ 24ರಂದು ಉಕ್ರೇನಿಗೆ ನುಗ್ಗಿತು, ಮಾರ್ಚ್ 8ಕ್ಕೆ ಚಿನ್ನ 2,070ರ ಆಸುಪಾಸಿನಲ್ಲಿತ್ತು. ಯುದ್ಧ ನಿಲ್ಲಲಿಲ್ಲ. ಆದರೆ ಫೆಡ್ ಬಡ್ಡಿ ಏರಿಸುತ್ತಾ ಹೋದಂತೆ ಶರತ್ಕಾಲದ ಹೊತ್ತಿಗೆ ದರ 1,630ಕ್ಕೆ ಇಳಿದಿತ್ತು.

ಆದ್ದರಿಂದ ಗಾಬರಿಯ ದಿನಗಳಲ್ಲಿ ನಾನು ಚಿನ್ನದ ದರಕ್ಕಿಂತ ಮೊದಲು ಡಾಲರ್ ನೋಡಿ ಎನ್ನುತ್ತೇನೆ. ಷೇರು, ಬಾಂಡ್, ಚಿನ್ನ ಮೂರೂ ಬೀಳುತ್ತಾ ಡಾಲರ್ ಮಾತ್ರ ಏರುತ್ತಿದ್ದರೆ ಅದು ನಗದಿನ ಹಸಿವು. ಆಗ ಚಿನ್ನ ಇನ್ನೂ ಇಳಿಯಬಹುದು.

ನಮ್ಮ ಚಿನಿವಾರ ಪೇಟೆಯಲ್ಲಿ ಈ ಇಳಿಕೆ ಅಷ್ಟಾಗಿ ಕಾಣಿಸುವುದಿಲ್ಲ, ಏಕೆಂದರೆ ಅದೇ ಹೊತ್ತಿಗೆ ರೂಪಾಯಿಯೂ ಬೀಳುತ್ತದೆ. 2008ರ ಮಾರ್ಚ್‌ನಲ್ಲಿ ಔನ್ಸ್‌ಗೆ 1,000 ಡಾಲರ್ ಇತ್ತು, ಡಾಲರ್‌ಗೆ ಸುಮಾರು 40 ರೂಪಾಯಿ. ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿದ ಮರುತಿಂಗಳು, ಅಕ್ಟೋಬರ್ ಕೊನೆಗೆ, ಚಿನ್ನ 710ರ ಹತ್ತಿರ, ಡಾಲರ್ ಸುಮಾರು 50 ರೂಪಾಯಿ. ಡಾಲರಿನಲ್ಲಿ 29% ಕುಸಿತ. ರೂಪಾಯಿಯಲ್ಲಿ ಔನ್ಸ್‌ಗೆ 40,000ದಿಂದ 35,500, ಅಂದರೆ 11% ಮಾತ್ರ.