ಐದು ವರ್ಷಕ್ಕೊಂದು ಗೋಡೆ ಗಡಿಯಾರ

ತುಮಕೂರು ಬಳಿಯ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಆಯುಧಪೂಜೆಯ ದಿನ ಐದು ವರ್ಷ ಪೂರೈಸಿದವರಿಗೆ ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟ ಸುದ್ದಿ ನಿಮಗೂ ತಲುಪಿರುತ್ತದೆ. ‘ನಿಷ್ಠೆಯೇ ನಮ್ಮ ಬಂಡವಾಳ’ ಎಂದರಂತೆ ವ್ಯವಸ್ಥಾಪಕರು. ಬಂಡವಾಳ ಅಗ್ಗಕ್ಕೆ ಸಿಕ್ಕಷ್ಟೂ ಲಾಭ ಹೆಚ್ಚು, ಅದು ನಿಜವೇ.

ತುಮಕೂರಿನಲ್ಲಿ ನಿಷ್ಠೆಗೆ ಗಡಿಯಾರವನ್ನೇ ಕೊಡಬೇಕೆಂದು ಹೊಳೆದ ತಲೆಗೆ ನಮಸ್ಕಾರ. ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದರೆ ಹೆಣ್ಣು ಕೊಡುವವರು ಸಾಲುಗಟ್ಟುತ್ತಿದ್ದ ಊರು ಇದು. ದೇಶಕ್ಕೆ ಸಮಯ ತೋರಿಸಿದವರಿಗೆ ತಮ್ಮ ಸಮಯ ಮುಗಿದದ್ದು ತಿಳಿದದ್ದು ಬೀಗ ಬಿದ್ದ ಮೇಲೆ. ಕಾರ್ಖಾನೆಯ ಜಾಗ ಈಗ ಇಸ್ರೊ ಪಾಲಾಗಿದೆ. ಆ ಮನೆಗಳ ಮಕ್ಕಳು ವರ್ಷಕ್ಕೊಂದು ಕೆಲಸ ಹಿಡಿದರೆ ಯಾವ ಬಾಯಿಂದ ಬಯ್ಯುವುದು?

ಒಂದು ಲೆಕ್ಕ ಹಾಕೋಣ. ಇಬ್ಬರು ಹುಡುಗರು 20,000 ರೂಪಾಯಿಗೆ ಸೇರಿದರು ಎನ್ನಿ. ಒಂದೇ ಕಡೆ ಉಳಿದವನಿಗೆ ವರ್ಷಕ್ಕೆ ಶೇ 7 ಏರಿಕೆ. ವರ್ಷಕ್ಕೊಮ್ಮೆ ಬೇರೆ ಕೆಲಸಕ್ಕೆ ಹಾರಿದವನಿಗೆ ಪ್ರತಿ ಹಾರಿಕೆಗೂ ಶೇ 20. ಐದನೆಯ ವರ್ಷಕ್ಕೆ ಒಬ್ಬನಿಗೆ ಸುಮಾರು 26,200, ಇನ್ನೊಬ್ಬನಿಗೆ 41,500. ಉಳಿದವನಿಗೆ ಗ್ರಾಚ್ಯುಟಿ ಇದೆಯಲ್ಲ ಎನ್ನುತ್ತೀರಿ. ಮೂಲ ವೇತನ ಸಂಬಳದ ಅರ್ಧವಾದರೆ, ವರ್ಷಕ್ಕೆ 15 ದಿನದ ವೇತನದಂತೆ, ತಿಂಗಳಿಗೆ 26 ದಿನವೆಂದು ಹಿಡಿದು, ಐದು ವರ್ಷಕ್ಕೆ ಸುಮಾರು 37,800. ಹಾರಿದವನು ಎರಡೂವರೆ ತಿಂಗಳಲ್ಲಿ ಅಷ್ಟು ಹೆಚ್ಚಿಗೆ ದುಡಿದಿರುತ್ತಾನೆ. ಇನ್ನೂ ತಮಾಷೆಯೆಂದರೆ, ನಿಷ್ಠೆಯ ಈ ಹಣ ಕೈಗೆ ಬರುವುದು ಕೆಲಸ ಬಿಟ್ಟಾಗ!

ಆದರೆ ಹಾರಿದವನ ಕೈಗೆ ಎಲ್ಲವೂ ಸಿಗುವುದಿಲ್ಲ. ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಸಿಎನ್‌ಸಿ ಯಂತ್ರದ ಮುಂದೆ ನಿಂತ, ಅದನ್ನು ಕೆಲಸಕ್ಕೆ ಹೊಂದಿಸುವ ಹಳೆಯ ಸೆಟ್ಟರ್, ಸದ್ದು ಕೊಂಚ ಕರ್ಕಶವಾದೊಡನೆ ‘ಕತ್ತರಿಸುವ ಇನ್ಸರ್ಟ್ ಸವೆದಿದೆ’ ಎಂದು ಯಂತ್ರ ನಿಲ್ಲಿಸುತ್ತಾನೆ. ಹಾರಿದವನು ಗೇಜಿನಲ್ಲಿ ಅಳತೆ ತಪ್ಪುವ ತನಕ ಕಾಯುತ್ತಾನೆ. ಅಷ್ಟರಲ್ಲಿ ಕೆಲವು ಬಿಡಿಭಾಗಗಳು ಗುಜರಿಗೆ ಹೋಗಿರುತ್ತವೆ. ತಾನು ಮಾಡಿದ ಮಾಲು ಎಂಟು ತಿಂಗಳ ನಂತರ ಗ್ರಾಹಕರಿಂದ ದೂರಿನೊಂದಿಗೆ ಮರಳುವಾಗ ಅವನು ಬೇರೆ ಗೇಟಿನಲ್ಲಿ ಗುರುತಿನ ಚೀಟಿ ತೋರಿಸುತ್ತಿರುತ್ತಾನೆ. ತನ್ನ ತಪ್ಪು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಉಳಿದವನಿಗೂ ಕುತ್ತು ಇದೆ: ಆ ಒಂದು ಯಂತ್ರ ಬಿಟ್ಟರೆ ಬೇರೆಯದು ಗೊತ್ತಿಲ್ಲ.

ಸಂದರ್ಶನದಲ್ಲಿ ಇಬ್ಬರಿಗೂ ಉಗಿತ. ‘ನೀವು ಎಲ್ಲಿಯೂ ನಿಲ್ಲುವವರಲ್ಲ’ ಎಂದು ಒಬ್ಬನಿಗೆ. ‘ಇಷ್ಟು ವರ್ಷ ಅಲ್ಲೇ ಯಾಕೆ ಕೂತಿರಿ, ಬೇರೆಲ್ಲೂ ಕೇಳಲಿಲ್ಲವೇ?’ ಎಂದು ಇನ್ನೊಬ್ಬನಿಗೆ. ಹೀಗೆ ಕೇಳುವ ಮಾನವ ಸಂಪನ್ಮೂಲ ಅಧಿಕಾರಿಗೆ ಇದು ನಾಲ್ಕನೆಯ ಕಂಪನಿ, ಪಾಪ.

ಕೊನೆಗೆ ಏನಾಗುತ್ತದೆ? ಸೆಟ್ಟರ್ 26,000ಕ್ಕೆ ದುಡಿಯುತ್ತ, 41,000ಕ್ಕೆ ಬಂದ ಹೊಸಬನಿಗೆ ಕೆಲಸ ಕಲಿಸುತ್ತಾನೆ. ಹೊಸಬನಿಗೆ ಕೊಡಲು ಹಣವಿದೆ, ಕಲಿಸುವವನಿಗೆ ಇಲ್ಲ. ಇದನ್ನು ಮಾರುಕಟ್ಟೆ ದರ ಎನ್ನುತ್ತಾರೆ. ನನಗೆ ನಗು ಬರುತ್ತಿಲ್ಲ. ಆ ಮನುಷ್ಯನ ಸಂಬಳ ಹೆಚ್ಚಿಸಿ, ಸ್ವಾಮಿ. ಗಡಿಯಾರ ನೀವೇ ಇಟ್ಟುಕೊಳ್ಳಿ.