ಸಂಪು, ಶೀಟು ಮತ್ತು ಷರಾ

ಇವತ್ತು ಬೆಳಗ್ಗೆ ನಮ್ಮ ಕಟ್ಟಡದ ನೀರಿನ ಮೋಟಾರು ಸುಟ್ಟಿತು. ವಾಸನೆ ಮೊದಲು ಹೊಡೆದದ್ದು ನನ್ನ ಮೂಗಿಗೇ. ಆದರೆ ಒಳಗೆ ಹೆಂಡತಿ ದೋಸೆ ಹುಯ್ಯುತ್ತಿದ್ದಳು. ಅಂಥ ಹೊತ್ತಿನಲ್ಲಿ ಸಂಸಾರಸ್ಥನಾದವನು ಸೀದ ವಾಸನೆಯ ಮಾತೆತ್ತುವುದಿಲ್ಲ.

ಮೆಕ್ಯಾನಿಕ್ ಬಂದು ಸಂಪಿನೊಳಗೆ ಟಾರ್ಚ್ ಬಿಟ್ಟು, 'ನೀರೇ ಇಲ್ವಲ್ಲ ಸಾರ್, ಖಾಲಿ ಓಡ್ಸಿದೀರ' ಎಂದ. ಪಂಪಿನ ಸೀಲನ್ನು ತಣ್ಣಗಿಡುವುದು ನೀರೇ. ಅದಿಲ್ಲದಿದ್ದರೆ ಸೀಲು ಕಾದು ಹಿಡಿದುಕೊಳ್ಳುತ್ತದೆ, ತಿರುಗಲಾಗದ ಮೋಟಾರು ಕಾಯಿಲ್ ಸುಟ್ಟುಕೊಳ್ಳುತ್ತದೆ. ಇದನ್ನು ತಪ್ಪಿಸಲೆಂದೇ ನಮ್ಮಲ್ಲಿ ಪಟ್ಟಿ ಇರುವುದು: ಸಂಪು ನೋಡಿದ್ದು, ಮೋಟಾರು ಹಾಕಿದ್ದು, ಟ್ಯಾಂಕು ತುಂಬಿದ್ದು, ಆರಿಸಿದ್ದು. ಆರು ಮನೆ, ಸರದಿ ಪ್ರಕಾರ. ಪಟ್ಟಿ ತೆಗೆದು ನೋಡಿದರೆ ಸಂಪು ನೋಡಿ ಆಗಿದೆ! ಇವತ್ತಿನದಷ್ಟೇ ಅಲ್ಲ, 30ನೇ ತಾರೀಖಿನವರೆಗೂ ನೋಡಿ ಆಗಿದೆ.

ಈ ಪಟ್ಟಿ ಮೊದಲು ಕಾಗದದಲ್ಲಿತ್ತು. ಸ್ಟಾರ್ಟರ್ ಪಕ್ಕದಲ್ಲಿ ರಟ್ಟಿಗೆ ಅಂಟಿಸಿ, ದಾರದಲ್ಲಿ ಪೆನ್ನು ಕಟ್ಟಿದ್ದೆವು. ಪೆನ್ನು ಹೋಗಿ ದಾರ ಮಾತ್ರ ಉಳಿಯುತ್ತಿತ್ತು, ಅದು ಬೇರೆ ವಿಷಯ. ಕೊನೆಯ ಅಂಕಣ 'ಷರಾ'. ಅದು ಕೆಳಮನೆ ರಾಯರ ಸಾಮ್ರಾಜ್ಯ. ತಾಲ್ಲೂಕು ಕಚೇರಿಯಲ್ಲಿ ನಿವೃತ್ತರಾದ ರಾಯರು ಬರೀ ಟಿಕ್ ಹಾಕಿದವರೇ ಅಲ್ಲ. 'ಕೋಲು ಇಳಿಸಲಾಗಿ ನೀರು ಮೊಣಕಾಲುದ್ದ ಕಂಡುಬಂದಿರುತ್ತದೆ.' 'ಟ್ಯಾಂಕು ತುಂಬಿ ಹರಿದಿದ್ದು, ಮೂರನೇ ಮಹಡಿಯವರ ಗಮನಕ್ಕೆ ತರಲಾಗಿ, ಅವರು ನಿದ್ರೆಯಲ್ಲಿದ್ದುದಾಗಿ ತಿಳಿದುಬಂತು.' ಮೂರನೇ ಮಹಡಿಯವನು ನಾನು. ಅಂಕಣ ಸಾಲದಾದಾಗ ಅವರ ಷರಾ ಅಂಚಿಗೆ ತಿರುಗಿ, ಹಾಳೆಯ ಬೆನ್ನಿಗೆ ಹತ್ತಿ, 'ಮುಂದುವರಿದಿದೆ' ಎಂಬಲ್ಲಿ ಮುಗಿಯುತ್ತಿತ್ತು. ಒಮ್ಮೆ ನಾನು ಸಂಪು ನೋಡದೆ ಟಿಕ್ ಹಾಕಿದ್ದಕ್ಕೆ, 'ಕೋಲು ಒಣಗಿದೆ. ಪರಿಶೀಲಿಸಿ' ಎಂದು ಬರೆದಿದ್ದರು. ಆ ಕೋಲನ್ನು ಮುಟ್ಟಿ ನೋಡುವ ಮನುಷ್ಯ ಈ ಊರಲ್ಲಿ ಇನ್ನೊಬ್ಬನಿಲ್ಲ.

ಸಿಟ್ಟಿಗೆದ್ದು ನಾನೇ ಸ್ಪ್ರೆಡ್‌ಶೀಟ್ ಮಾಡಿದೆ. ಕಾರಣವೂ ಇತ್ತು. ಒಂದೇ ಹಾಳೆ, ಒಂದೇ ಜಾಗ. ಮೋಟಾರು ಹಾಕಿದ್ದಾರೋ ಇಲ್ಲವೋ ತಿಳಿಯಲು ಮೂರು ಮಹಡಿ ಇಳಿಯಬೇಕು. ತಿಂಗಳ ಕೊನೆಗೆ ಟ್ಯಾಂಕರ್ ಎಷ್ಟು ಬಂತೆಂದು ಎಣಿಸಲು ಹೋದರೆ ಹಾಳೆ ಒದ್ದೆ. ಶೀಟು ಬಂದಮೇಲೆ ಟ್ಯಾಂಕರ್ ಲೆಕ್ಕ ತಾನೇ ಕೂಡಿಕೊಂಡಿತು, ಜಗಳ ನಿಂತಿತು. ಆದರೆ ಫೋನಿನ ಆ ಪುಟ್ಟ ಚೌಕದಲ್ಲಿ ಹೆಬ್ಬೆಟ್ಟು ಇಟ್ಟರೆ ಟಿಕ್ ಪಕ್ಕದ ತಾರೀಖಿಗೆ ಬೀಳುತ್ತದೆ. ಕಂಪ್ಯೂಟರಿನಲ್ಲಿ ಚೌಕದ ಮೂಲೆ ಹಿಡಿದು ಕೆಳಗೆಳೆದರಂತೂ ತಿಂಗಳಿಡೀ ಟಿಕ್.

ನಡುವೆ ಹನ್ನೊಂದು ದಿನ ಒಂದು ಆ್ಯಪ್ ಸಹ ಬಂದುಹೋಯಿತು. ಬೆಳಗ್ಗೆ ಆರಕ್ಕೆ ಆರೂ ಮನೆಯ ಫೋನು ಒಟ್ಟಿಗೆ 'ಟಿಣ್' ಅನ್ನುತ್ತಿದ್ದವು. ಎಲ್ಲರಿಗೂ ಹೇಳಿದ್ದರಿಂದ ಯಾರೂ ಇಳಿಯಲಿಲ್ಲ. ಇಳಿದವರಿಗೆ ಬೇಸ್‌ಮೆಂಟಿನಲ್ಲಿ ಸಿಗ್ನಲ್ ಇಲ್ಲ. ಅಲ್ಲಿ ಹಾಕಿದ ಟಿಕ್ ಅವರು ಮೇಲೆ ಬಂದಮೇಲೆ ಉಳಿದವರ ಫೋನಿಗೆ ತಲುಪುವಷ್ಟರಲ್ಲಿ ಟ್ಯಾಂಕು ತುಂಬಿ ಮೆಟ್ಟಿಲ ಮೇಲೆ ಜೋಗ.

ಸರಿ, ಶೀಟಿನ ಚೌಕ ಎಳೆದವರು ಯಾರು? ನಾನು ಪತ್ತೇದಾರನಾಗಿ, ಯಾರು ಯಾವಾಗ ಏನು ತಿದ್ದಿದರೆಂದು ತೋರಿಸುವ Version history ತೆರೆದೆ. ಲಾಗಿನ್ ರಗಳೆ ಬೇಡವೆಂದು ಲಿಂಕ್ ಇರುವ ಯಾರು ಬೇಕಾದರೂ ತಿದ್ದಬಹುದು ಎಂದಿಟ್ಟವನು ನಾನೇ. ಹಾಗಾಗಿ ಅಲ್ಲಿ ಹೆಸರಿಲ್ಲ, ಬರೀ ಅನಾಮಧೇಯರು. ಅದೇ ಹೊತ್ತಿಗೆ ಯಾರೋ ಶೀಟು ತೆರೆದರು. ಹೆಸರಿಲ್ಲದೆ ಬಂದವರಿಗೆ ಶೀಟೇ ಒಂದು ಪ್ರಾಣಿಯ ಹೆಸರಿಡುತ್ತದೆ. ಮೇಲೆ ಮೂಡಿತು: Anonymous Capybara. ಮೋಟಾರು ದುರಸ್ತಿಯ ಬಿಲ್ಲು ಯಾರಿಗೆ ಕೊಡಲಿ, ಹೆಗ್ಗಣದ ದೊಡ್ಡಪ್ಪನಂತಿರುವ ಆ ಪ್ರಾಣಿಗೇ?

ಹಳೆಯ ಹಾಳೆಗಳು ಅಟ್ಟದ ಮೇಲಿದ್ದವು, ಇಳಿಸಿದೆ. ಹೆಸರು ನೋಡಬೇಕಾಗೇ ಇಲ್ಲ. ಬಾಗಿದ ಟಿಕ್ ಎರಡನೇ ಮಹಡಿಯ ಟೀಚರಮ್ಮನದು, ಹಾಳೆ ಹರಿಯುವಂತೆ ಒತ್ತಿದ್ದು ಅವರ ಮಗನದು. ಪಕ್ಕದ ಮನೆಯ ಅಜ್ಜಿ ಟಿಕ್ ಬದಲು ಪುಟ್ಟದೊಂದು ಶ್ರೀ ಬರೆಯುತ್ತಿದ್ದರು. ಅವರು ಮಗಳ ಊರಿಗೆ ಹೋಗಿ ಎರಡು ವರ್ಷವಾಯಿತು. ಶೀಟಿಗೆ ಯಾರ ಟಿಕ್ ಆದರೂ ಒಳಗೆ ಬರೀ TRUE. ಅಲ್ಲಿದ್ದಿದ್ದರೆ ಅವರೂ ಒಂದು TRUE ಆಗಿರುತ್ತಿದ್ದರು.

ಸಂಜೆ ಸ್ಟಾರ್ಟರ್ ಪಕ್ಕ ಹೊಸ ಹಾಳೆ ಅಂಟಿಸಿದೆ. ಟಿಕ್ ಇಲ್ಲೇ, ಕೋಲು ಇಳಿಸಿದ ಕೈಯಿಂದಲೇ. ತಿಂಗಳ ಕೊನೆಗೆ ನಾನೊಬ್ಬನೇ ಟ್ಯಾಂಕರ್ ಲೆಕ್ಕವನ್ನು ಶೀಟಿಗೆ ಏರಿಸುವುದು, ಉಳಿದವರಿಗೆ ಅದು ನೋಡಲು ಮಾತ್ರ. ಮೇಲಿದ್ದವರಿಗೆ ಹಾಳೆಯ ಫೋಟೋ ಸಾಕು. ಪೆನ್ನು ಕಟ್ಟಿ, ಮೇಲೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಮೊದಲ ಸಾಲು ತುಂಬಿತ್ತು. ಷರಾ: 'ಸಂಪು ಪರಿಶೀಲಿಸಲಾಗಿದೆ. ನೀರು ಇರುತ್ತದೆ. ಮೋಟಾರು ಇರುವುದಿಲ್ಲ. ಮೂರನೇ ಮಹಡಿಯವರ ಗಮನಕ್ಕೆ.'

ಪೆನ್ನು ಇರಲಿಲ್ಲ.