ಕಫದ ಬಣ್ಣ ಮತ್ತು ಆ್ಯಂಟಿಬಯೋಟಿಕ್: ಒಂದು ಸ್ಪಷ್ಟನೆ

“ಸಿಒಪಿಡಿ ಇರುವವರಿಗೆ ಉಸಿರಾಟದ ತೊಂದರೆ ಹೆಚ್ಚಾದರೆ ಅಥವಾ ಕಫ ಹಳದಿಯಾಗಿದ್ದರೆ ತಕ್ಷಣ ಆ್ಯಂಟಿಬಯೋಟಿಕ್ ಶುರು ಮಾಡಿ.”

ಹರಿದಾಡುತ್ತಿರುವ ಈ ಸಂದೇಶ ತಪ್ಪು. ಸಿಒಪಿಡಿ ಎಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಓದದೆ ಮುಂದೆ ಕಳುಹಿಸಿದವರಲ್ಲಿ ನಾನೂ ಒಬ್ಬ.

ವೈದ್ಯರು ಮೂರು ಬದಲಾವಣೆಗಳನ್ನು ನೋಡುತ್ತಾರೆ: ಏದುಸಿರು ಹೆಚ್ಚಿದೆಯೇ, ಕಫದ ಪ್ರಮಾಣ ಹೆಚ್ಚಿದೆಯೇ, ಕಫ ಕೀವಿನಂತಾಗಿದೆಯೇ. ಮೂರೂ ಇದ್ದರೆ ಆ್ಯಂಟಿಬಯೋಟಿಕ್ ಬೇಕು. ಎರಡೇ ಇದ್ದರೆ ಅದರಲ್ಲೊಂದು ಕೀವುಗಫವೇ ಆಗಿರಬೇಕು. 1987ರ ಆಂಥೋನಿಸೆನ್ ಅಧ್ಯಯನದಿಂದ ಬಂದ ಈ ಅಳತೆಗೋಲನ್ನು ಸಿಒಪಿಡಿ ಚಿಕಿತ್ಸೆಯ ಅಂತರರಾಷ್ಟ್ರೀಯ ಗೋಲ್ಡ್ ಮಾರ್ಗಸೂಚಿಯೂ ಅನುಸರಿಸುತ್ತದೆ. ಕೃತಕ ಉಸಿರಾಟ ಬೇಕಾದಷ್ಟು ತೀವ್ರವಾದಾಗ ಮಾತ್ರ ಈ ಲೆಕ್ಕಕ್ಕೆ ಕಾಯುವುದಿಲ್ಲ.

ಬಣ್ಣಕ್ಕೇಕೆ ಇಷ್ಟು ತೂಕ? ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಲ್ಲಿರುವ ಹಸಿರು ಕಿಣ್ವವೇ ಕಫಕ್ಕೆ ಆ ಬಣ್ಣ ಕೊಡುತ್ತದೆ. ಆದರೆ ನೋಡಬೇಕಾದದ್ದು ಬಣ್ಣವನ್ನಲ್ಲ, ಬಣ್ಣದ ಬದಲಾವಣೆಯನ್ನು.

ಒಬ್ಬರಿಗೆ ವರ್ಷಗಳಿಂದ ಬೆಳಿಗ್ಗೆ ತಿಳಿಹಳದಿ ಕಫ ಬರುತ್ತದೆ ಎಂದುಕೊಳ್ಳಿ. ನೆಗಡಿಯಾಗಿ ಮೂರು ದಿನದಿಂದ ಏದುಸಿರು ಹೆಚ್ಚಿದೆ. ಕಫ ಎಂದಿನಂತೆಯೇ ಇದೆ. ಇದು ಬಹುಶಃ ವೈರಸ್. ಇನ್ಹೇಲರ್, ಅಗತ್ಯವಿದ್ದರೆ ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಸಾಕು. ಐದನೆಯ ದಿನ ಕಫ ದಟ್ಟ ಹಸಿರಾಗಿ, ಪ್ರಮಾಣವೂ ಹೆಚ್ಚಿದರೆ ಉತ್ತರ ಬದಲಾಗುತ್ತದೆ: ಸಾಮಾನ್ಯವಾಗಿ ಐದು ದಿನಗಳ ಆ್ಯಂಟಿಬಯೋಟಿಕ್.

ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು, ಮಂಪರು ಅಥವಾ ತುಟಿ ನೀಲಿಯಾಗುವುದು ಕಂಡರೆ ಕಫ ಪರೀಕ್ಷಿಸುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಜ್ವರ, ಎದೆನೋವು ಇದ್ದರೆ ನ್ಯುಮೋನಿಯಾ ಇರಬಹುದು. ಅದರ ಚಿಕಿತ್ಸೆಯೇ ಬೇರೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ.